ಐದು ಅಡಿಯ ಗೆರೆ: ತಳೇಗಾವ್ ಲೇಔಟ್ ಫೋಟೋಗೆ ಮರ, ಪೊದೆ, ಲಾನ್ ಹಾಕಿದ ಕೆಲಸ

ಪುಣೆಯಲ್ಲಿ ಬ್ರೋಷರ್‌ಗಳಿಗೆ ಫೋಟೋ ತಿದ್ದುವ ಕೆಲಸ ನನ್ನದು. ಊರು ತುಮಕೂರು ಕಡೆ. ಈ ಕೆಲಸ ಕೊಟ್ಟ ಬಿಲ್ಡರ್ ವಿಜಯಪುರದವರು, ಪುಣೆಗೆ ಬಂದು ಬಹಳ ವರ್ಷವಾಗಿದೆ. ತಳೇಗಾವ್‌ನಿಂದ ಸ್ವಲ್ಪ ಮುಂದೆ ಅವರ ಲೇಔಟ್ ಇದೆ. ಮೂವತ್ತು ಐವತ್ತರ ಪ್ಲಾಟ್‌ಗಳು, ಮಧ್ಯೆ ಮೂವತ್ತು ಅಡಿ ರಸ್ತೆ. ಅಲ್ಲಿನ ಸೈಟ್ ಎಂಜಿನಿಯರ್ ಏಪ್ರಿಲ್ ತಿಂಗಳ ನಡುವೆ, ಬೆಳಿಗ್ಗೆ ಒಂಬತ್ತೂವರೆಗೆ, ತನ್ನ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋ ನನಗೆ ಬಂತು.

ಫೋಟೋದಲ್ಲಿ ಇದ್ದದ್ದು ಇಷ್ಟು. ನಡುವೆ ಉತ್ತರಕ್ಕೆ ನೇರವಾಗಿ ಹೋಗುವ ರಸ್ತೆ, ಎರಡೂ ಬದಿ ಕರ್ಬ್ ಕಲ್ಲು. ಆಚೀಚೆ ಮುರುಮ್ ಮಣ್ಣು, ಒಣಗಿ ಹಳದಿಯಾದ ಹುಲ್ಲು. ಎಡಕ್ಕೆ ಒಂದು ಕರೆಂಟ್ ಕಂಬ. ಕೊನೆಯಲ್ಲಿ ಕಾಂಪೌಂಡ್ ಗೋಡೆ, ಅದರ ಹಿಂದೆ ಮಸುಕಾದ ಗುಡ್ಡ. ಬಲಗಡೆ ಮೂಲೆಯಲ್ಲಿ ಒಬ್ಬ ಕೆಲಸಗಾರ ಬುಟ್ಟಿ ಹಿಡಿದು ನಿಂತಿದ್ದ.

ಬಿಲ್ಡರ್ ಫೋನ್‌ನಲ್ಲಿ ಹೇಳಿದ್ದು ಒಂದೇ ಮಾತು: "ಎರಡೂ ಕಡೆ ಗಿಡಾ ಹಾಕ್ರಿ, ಲಾನ್ ಹಾಕ್ರಿ, ಛಂದ ಕಾಣಬೇಕು."

ನಾನು ಗಿಡ ಹಾಕಿದೆ. ದಾಸವಾಳ, ಕೇಪಳ, ಬೋಗನ್‌ವಿಲ್ಲಾ. ರಸ್ತೆಯ ಉದ್ದಕ್ಕೂ ಎರಡು ಸಾಲು. ಕಳಿಸಿದ ಅರ್ಧ ಗಂಟೆಗೆ ಫೋನ್ ಬಂತು.

"ತಂಗಿ, ಗಿಡಾ ಎಲ್ಲಿ ಅದಾವ? ಬರೇ ಕಂಟಿ ಹಾಕೀರಲ್ಲ. ಮತ್ತ ನನ್ನ ರಸ್ತೆ ಯಾಕ ಓಣಿ ಆಗೇತಿ?"

ಮೊದಲನೆಯದು ಮಾತಿನ ತೊಡಕು. ನಮ್ಮ ಕಡೆ ಗಿಡ ಅಂದರೆ ಚಿಕ್ಕದು, ಮರ ಅಂದರೆ ದೊಡ್ಡದು. ಅವರ ಕಡೆ ಬೇವಿನ ಮರವೂ ಗಿಡವೇ, ಪೊದೆಗೆ ಕಂಟಿ ಅನ್ನುತ್ತಾರೆ. ಮರಾಠಿಯ ಝಾಡ್ ಕೂಡ ಹಾಗೆಯೇ. ಅಂದಿನಿಂದ ನಾನು ಕೆಲಸ ತೆಗೆದುಕೊಳ್ಳುವಾಗ ಹೆಸರು ಕೇಳುವುದಿಲ್ಲ, ಎಷ್ಟು ಅಡಿ ಅಂತ ಕೇಳುತ್ತೇನೆ.

ಎರಡನೇ ಮಾತು ನನ್ನನ್ನು ಜಾಸ್ತಿ ಕಾಡಿತು. ಮೂವತ್ತು ಅಡಿ ರಸ್ತೆ ಓಣಿಯಾಗಿ ಕಂಡಿದ್ದು ಯಾಕೆ? ರಸ್ತೆಯನ್ನು ನಾನು ಮುಟ್ಟಿರಲೇ ಇಲ್ಲ. ಮುಟ್ಟಿದ್ದು ದಾಸವಾಳವನ್ನು. ಚೆನ್ನಾಗಿ ಕಾಣಲಿ ಅಂತ ಎಳೆದು ಎಳೆದು ದೊಡ್ಡದು ಮಾಡಿದ್ದೆ. ದಾಸವಾಳ ಎಷ್ಟು ಎತ್ತರ ಇರುತ್ತದೆ ಅಂತ ನಮ್ಮೆಲ್ಲರ ಕಣ್ಣಿಗೂ ಗೊತ್ತು. ಮನೆ ಮುಂದೆ ನೋಡಿರುತ್ತೇವೆ, ಎದೆಮಟ್ಟ ಅಲ್ವಾ? ಕಣ್ಣು ಆ ಅಳತೆಯನ್ನೇ ಹಿಡಿದು ಉಳಿದದ್ದನ್ನು ಅಳೆಯುತ್ತದೆ. ದಾಸವಾಳ ಎರಡು ಪಟ್ಟು ದೊಡ್ಡದಾದರೆ ಅದರ ಪಕ್ಕದ ರಸ್ತೆ ಅರ್ಧ ಆಗಿಬಿಡುತ್ತದೆ. ಗಿಡ ದೊಡ್ಡದು ಮಾಡಿ ಅಂತ ಕೇಳುವ ಬಿಲ್ಡರ್‌ಗಳಿಗೆ ನಾನು ಈಗ ಇದನ್ನೇ ಹೇಳುತ್ತೇನೆ: ಗಿಡ ದೊಡ್ಡದಾದಷ್ಟೂ ನಿಮ್ಮ ಜಾಗ ಚಿಕ್ಕದಾಗುತ್ತದೆ.

ಹಾಗಾದರೆ ಸರಿಯಾದ ಎತ್ತರ ಎಷ್ಟು? ಅಂದಾಜಿನಲ್ಲಿ ಎಳೆಯುವುದನ್ನು ಬಿಟ್ಟು ಅಳತೆಗೆ ಕೂತೆ. ಇದಕ್ಕೆ ಬೇಕಾದದ್ದು ಒಂದೇ ಗೆರೆ, ದಿಗಂತದ ಗೆರೆ.

ಸಮತಟ್ಟಾದ ನೆಲದಲ್ಲಿ ನಿಂತು ಫೋಟೋ ತೆಗೆದರೆ, ದಿಗಂತದ ಗೆರೆ ಕ್ಯಾಮೆರಾ ಇದ್ದ ಎತ್ತರದಲ್ಲೇ ಎಲ್ಲವನ್ನೂ ದಾಟಿ ಹೋಗುತ್ತದೆ. ಹತ್ತಿರದ ಕಂಬ ಇರಲಿ, ದೂರದ ಗೋಡೆ ಇರಲಿ, ಕ್ಯಾಮೆರಾ ಐದು ಅಡಿ ಎತ್ತರದಲ್ಲಿದ್ದರೆ ಗೆರೆ ಎಲ್ಲದರ ಐದನೇ ಅಡಿಯಲ್ಲೇ ಹಾದುಹೋಗುತ್ತದೆ. ಅಂದರೆ ಫೋಟೋದಲ್ಲಿ ಎಲ್ಲಿ ಬೇಕಾದರೂ ಒಂದು ಬುಡ ಗುರುತು ಮಾಡಿ. ಅಲ್ಲಿಂದ ಗೆರೆವರೆಗಿನ ಎತ್ತರ ಐದು ಅಡಿ. ಹದಿನೈದು ಅಡಿ ಮರ ಬೇಕೇ? ಅದರ ಮೂರರಷ್ಟು ಇಡಿ. ಅಷ್ಟೇ ಲೆಕ್ಕ.

ಗೆರೆ ಹುಡುಕುವಾಗ ಒಂದು ಕಡೆ ಎಡವುವುದು ಸುಲಭ. ನಮ್ಮ ಫೋಟೋದಲ್ಲಿ ಹಿಂದೆ ಗುಡ್ಡ ಇತ್ತು. ಗುಡ್ಡದ ಅಂಚು ದಿಗಂತ ಅಲ್ಲ, ಅದು ಗುಡ್ಡದ ಎತ್ತರ. ಅದನ್ನು ಹಿಡಿದರೆ ಎಲ್ಲ ಮರವೂ ಅತಿ ಎತ್ತರವಾಗುತ್ತದೆ. ರಸ್ತೆಯ ಎರಡು ಕರ್ಬ್‌ಗಳ ಮೇಲೆ ಎರಡು ಗೆರೆ ಎಳೆದು ಮುಂದಕ್ಕೆ ಬೆಳೆಸಿದೆ. ಅವು ಸೇರಿದ ಜಾಗದಲ್ಲಿ ಅಡ್ಡ ಗೆರೆ ಹಾಕಿದೆ. ಫೋಟೋ 4000 ಪಿಕ್ಸೆಲ್ ಅಗಲ, 3000 ಎತ್ತರ. ಗೆರೆ ಮೇಲಿನಿಂದ 1240ರಲ್ಲಿ ಬಂತು.

ಎಂಜಿನಿಯರ್‌ಗೆ ಫೋನ್ ಮಾಡಿ ಮೊಬೈಲ್ ಎಷ್ಟು ಎತ್ತರದಲ್ಲಿ ಹಿಡಿದಿದ್ದ ಅಂತ ಕೇಳಿದೆ. ಕಣ್ಣಿನ ಮಟ್ಟಕ್ಕೆ, ಸುಮಾರು ಐದು ಅಡಿ ಅಂದ. ಕಾಂಪೌಂಡ್ ಗೋಡೆ ಆರು ಅಡಿ ಅಂತಲೂ ಹೇಳಿದ. ಸರಿ, ಪರೀಕ್ಷೆ ಮಾಡಬಹುದು. ಗೋಡೆಯ ಬುಡ 1360ರಲ್ಲಿತ್ತು. ಗೆರೆಯಿಂದ 120 ಪಿಕ್ಸೆಲ್ ಕೆಳಗೆ. ಅದು ಐದು ಅಡಿ ಆದರೆ ಅಡಿಗೆ 24 ಪಿಕ್ಸೆಲ್. ಆರು ಅಡಿ ಗೋಡೆಯ ತಲೆ ಗೆರೆಯಿಂದ 24 ಮೇಲೆ, ಅಂದರೆ 1216ರಲ್ಲಿ ಇರಬೇಕು. ದೊಡ್ಡದು ಮಾಡಿ ನೋಡಿದೆ. ಎರಡು ಮೂರು ಪಿಕ್ಸೆಲ್ ಆಚೀಚೆ ಅಲ್ಲೇ ಇತ್ತು. ಆಗ ಗೆರೆಯ ಮೇಲೆ ನಂಬಿಕೆ ಬಂತು.

ಈಗ ರಸ್ತೆ ಬದಿಯ ಮೊದಲ ಮರಕ್ಕೆ 1540ರಲ್ಲಿ ಬುಡ ಇಟ್ಟೆ. ಗೆರೆಗೆ 300 ಪಿಕ್ಸೆಲ್, ಅಂದರೆ ಅಡಿಗೆ 60. ನನ್ನ ಹಳೆಯ ದಾಸವಾಳವನ್ನು ಅಲ್ಲೇ ಅಳೆದು ನೋಡಿದೆ. 600 ಪಿಕ್ಸೆಲ್ ಇತ್ತು. ಹತ್ತು ಅಡಿ ದಾಸವಾಳ! ರಸ್ತೆ ಓಣಿಯಾಗದೆ ಇನ್ನೇನಾಗುತ್ತದೆ?

ಬಿಲ್ಡರ್ ಕೊಟ್ಟ ನೆಡುವ ಪಟ್ಟಿಯಲ್ಲಿ ಬೇವು, ಬಕುಳ ಇದ್ದವು. ನರ್ಸರಿಯಿಂದ ಎಂಟು ಹತ್ತು ಅಡಿಯ ಮರ ಬರುತ್ತವೆ. ಮೂರು ವರ್ಷದ ನಂತರದ ನೋಟ ತೋರಿಸೋಣ, ಹದಿನೈದು ಅಡಿ ಇರಲಿ ಅಂತ ಮಾತಾಯಿತು. 1540ರ ಬುಡಕ್ಕೆ ಹದಿನೈದು ಅಡಿ ಅಂದರೆ 900 ಪಿಕ್ಸೆಲ್. ಗೋಡೆ ಹತ್ತಿರದ ಮರಕ್ಕೆ 360. ಲೆಕ್ಕ ಕೈಯಲ್ಲಿ ಇತ್ತು, ಇನ್ನು ಸಲೀಸು ಅಂದುಕೊಂಡೆ. ನನ್ನ ಸಂಗ್ರಹದಲ್ಲಿ ಒಂದು ಮಳೆ ಮರದ ಫೋಟೋ ಇತ್ತು. ಕೊಡೆ ಬಿಚ್ಚಿದ ಹಾಗೆ ಹರಡಿದ ದೊಡ್ಡ ಮರ, ಕತ್ತರಿಸಿ ತೆಗೆದದ್ದೂ ಅಚ್ಚುಕಟ್ಟಾಗಿತ್ತು. ಬೇವಿನ ಬದಲು ಅದನ್ನೇ 900ಕ್ಕೆ ಇಳಿಸಿ ಇಟ್ಟೆ.

ಎತ್ತರ ಸರಿ ಇತ್ತು. ಆದರೆ ಮರ ಸರಿ ಇರಲಿಲ್ಲ. ಕುಂಡದಲ್ಲಿ ಬೆಳೆಸಿದ ಬೋನ್ಸಾಯ್ ತಂದು ರಸ್ತೆ ಬದಿ ಇಟ್ಟ ಹಾಗೆ ಕಾಣುತ್ತಿತ್ತು.

ತುಂಬ ಹೊತ್ತು ನೋಡಿದ ಮೇಲೆ ಕಾರಣ ಹೊಳೆಯಿತು. ದೊಡ್ಡ ಮರವನ್ನು ಚಿಕ್ಕದು ಮಾಡಿದರೆ ಎಳೆ ಮರ ಆಗುವುದಿಲ್ಲ. ಅರವತ್ತು ಅಡಿಯ ಮರಕ್ಕೆ ನಾಲ್ಕು ಅಡಿ ದಪ್ಪದ ಕಾಂಡ ಇದ್ದರೆ, ಕಾಲು ಭಾಗಕ್ಕೆ ಇಳಿಸಿದಾಗ ಹದಿನೈದು ಅಡಿ ಮರಕ್ಕೆ ಒಂದು ಅಡಿ ದಪ್ಪದ ಕಾಂಡ ಉಳಿಯುತ್ತದೆ. ಮೂರು ವರ್ಷ ಹಿಂದೆ ನೆಟ್ಟ ಮರದ ಕಾಂಡ ನಾಲ್ಕೈದು ಇಂಚು ಇರುತ್ತದೆ, ಅಂದರೆ ನನ್ನ ಫೋಟೋದಲ್ಲಿ 20ರಿಂದ 25 ಪಿಕ್ಸೆಲ್. ನಾನು ಇಟ್ಟದ್ದು 60. ಎಲೆಗಳದ್ದೂ ಅದೇ ಕಥೆ. ದೊಡ್ಡ ಮರದಲ್ಲಿ ಕೊಂಬೆ ಮೇಲೆ ಕೊಂಬೆ ಒಡೆದು ಎಲೆ ನುಣ್ಣಗೆ ಪುಡಿಯ ಹಾಗೆ ಕಾಣುತ್ತದೆ. ಎಳೆ ಮರದಲ್ಲಿ ಕೊಂಬೆ ಎಣಿಸಬಹುದು, ನಡುವೆ ಆಕಾಶ ಕಾಣುತ್ತದೆ. ಅಗಲವೂ ಬೇರೆ. ಮಳೆ ಮರ ಎತ್ತರಕ್ಕಿಂತ ಅಗಲ ಜಾಸ್ತಿ, ಎಳೆ ಬೇವು ಹಾಗಲ್ಲ.

ಹಾಗಾಗಿ ಭಾನುವಾರ ಬಸ್ ಹತ್ತಿ ಸೋಲಾಪುರ ರಸ್ತೆಯ ಉರುಳಿ ಕಾಂಚನ್ ಕಡೆ ಹೋದೆ. ಅಲ್ಲಿ ನರ್ಸರಿಗಳ ಸಾಲೇ ಇದೆ. ಹೋಗುವಾಗ ಒಂದು ಬಿದಿರು ಕೋಲಿಗೆ ಅಡಿಗೊಂದು ಬಣ್ಣದ ಟೇಪ್ ಸುತ್ತಿ ಹತ್ತು ಅಡಿವರೆಗೆ ಗುರುತು ಮಾಡಿಕೊಂಡಿದ್ದೆ. ಪ್ರತಿ ಮರದ ಬುಡದ ಪಕ್ಕ ಕೋಲು ನಿಲ್ಲಿಸಿ ಒಂದು ಫೋಟೋ, ಕೋಲು ತೆಗೆದು ಇನ್ನೊಂದು. ಮೊಬೈಲ್ ಅದೇ ಐದು ಅಡಿಗೆ ಹಿಡಿದೆ. ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ, ಉತ್ತರಕ್ಕೆ ಮುಖ ಮಾಡಿ, ಬಿಸಿಲು ಬಲಗಡೆಯಿಂದ ಬೀಳುವ ಹಾಗೆ. ನರ್ಸರಿಯ ಅಜ್ಜ "ಕೋಲು ಯಾಕಮ್ಮಾ?" ಅಂತ ಮರಾಠಿಯಲ್ಲಿ ಕೇಳಿದರು. ಹೇಳಿದ ಮೇಲೆ ತಾವೇ ಕೋಲು ಹಿಡಿದು ನಿಂತರು, ದೊಡ್ಡ ಗಾತ್ರದ ಬೇವು ಎಲ್ಲಿವೆ ಅಂತಲೂ ತೋರಿಸಿದರು. ನಿಜವಾದ ಎತ್ತರ ಗೊತ್ತಿರುವ ಆರು ಬೇವು, ನಾಲ್ಕು ಬಕುಳ ಸಿಕ್ಕವು. ಕೋಲಿನ ಗುರುತನ್ನು ಲೇಔಟ್ ಫೋಟೋದ ಅಡಿಗೆ ಹೊಂದಿಸಿದರೆ ಮರ ತಾನಾಗಿ ತನ್ನ ಅಳತೆಗೆ ಬಂದು ಕೂತುಕೊಳ್ಳುತ್ತಿತ್ತು.

ಒಂದೇ ಮರವನ್ನು ತಿರುಗಿಸಿ ನಾಲ್ಕು ಕಡೆ ಇಡುವ ಅಭ್ಯಾಸ ತುಂಬ ಜನರಿಗಿದೆ. ಎಡಬಲ ತಿರುಗಿಸಿದ ಕೂಡಲೇ ಬಿಸಿಲು ಎಡಗಡೆಯಿಂದ ಬಿದ್ದ ಹಾಗೆ ಆಗುತ್ತದೆ. ಅದಕ್ಕೇ ಹತ್ತು ಬೇರೆ ಬೇರೆ ಮರ ತಂದದ್ದು.

ಮರಗಳನ್ನು ಪ್ಲಾಟ್ ಒಳಗೆ ಇಡಲಿಲ್ಲ. ಅಲ್ಲಿ ಮನೆ ಬರುತ್ತದೆ. ರಸ್ತೆ ಅಂಚಿಗೆ ಮತ್ತು ಬಲಗಡೆಯ ಓಪನ್ ಸ್ಪೇಸ್‌ಗೆ ಮಾತ್ರ ಇಟ್ಟೆ.

ಈ ಬಲಗಡೆಯಲ್ಲೇ ಲೆಕ್ಕ ಕೈಕೊಟ್ಟಿತು. ರಸ್ತೆ ಬದಿಯಲ್ಲಿ ಮರಗಳು ಚೆನ್ನಾಗಿ ಕೂತಿದ್ದವು. ಓಪನ್ ಸ್ಪೇಸ್‌ನ ಮರಗಳು ಮಾತ್ರ ಅತಿ ದೊಡ್ಡದಾಗಿ ಕಾಣುತ್ತಿದ್ದವು. ಎರಡು ಸಲ ಅಳೆದೆ, ಮೂರರಷ್ಟೇ ಇತ್ತು. ಆಮೇಲೆ ಬುಟ್ಟಿ ಹಿಡಿದ ಕೆಲಸಗಾರನ ಕಡೆ ಕಣ್ಣು ಹೋಯಿತು. ಸಮತಟ್ಟಾದ ನೆಲದಲ್ಲಿ ನಿಂತಿದ್ದರೆ ಐದೂವರೆ ಅಡಿ ಮನುಷ್ಯನ ತಲೆ ದಿಗಂತದ ಗೆರೆಗಿಂತ ಸ್ವಲ್ಪ ಮೇಲೆ ಬರಬೇಕು. ಇವನ ತಲೆ ಗೆರೆಗಿಂತ ಸಾಕಷ್ಟು ಕೆಳಗಿತ್ತು. ಅಂದರೆ ಅವನು ತಗ್ಗಿನಲ್ಲಿ ನಿಂತಿದ್ದ.

ಎಂಜಿನಿಯರ್‌ಗೆ ಕೇಳಿದರೆ, ಹೌದು, ಆ ಕಡೆ ನಾಲೆ ಇದೆ, ನೆಲ ಮೂರು ಅಡಿ ಇಳಿದಿದೆ ಅಂದ. ಒಣಹುಲ್ಲು ಮುಚ್ಚಿದ್ದರಿಂದ ಫೋಟೋದಲ್ಲಿ ಇಳಿಜಾರು ಕಂಡಿರಲಿಲ್ಲ. ಮೂರು ಅಡಿ ಕೆಳಗಿನ ನೆಲಕ್ಕೆ ಕ್ಯಾಮೆರಾ ಎಂಟು ಅಡಿ ಎತ್ತರದಲ್ಲಿದ್ದ ಹಾಗೆ. ಅಲ್ಲಿ ಬುಡದಿಂದ ಗೆರೆವರೆಗಿನ ಅಂತರ ಐದು ಅಡಿ ಅಲ್ಲ, ಎಂಟು. ನಾನು ಮೂರರಷ್ಟು ಇಟ್ಟಾಗ ಮರ ಇಪ್ಪತ್ನಾಲ್ಕು ಅಡಿ ಆಗಿಬಿಟ್ಟಿತ್ತು. ಹದಿನೈದು ಅಡಿಗೆ ಎರಡರಷ್ಟಕ್ಕಿಂತ ಸ್ವಲ್ಪ ಕಡಿಮೆ ಸಾಕು. ಹಾಗೆ ಇಳಿಸಿದೆ. ಫೋಟೋದಲ್ಲಿ ಒಬ್ಬ ಮನುಷ್ಯ ಇದ್ದರೆ ಅವನನ್ನು ಮೊದಲೇ ಅಳಿಸಬೇಡಿ. ಎಲ್ಲ ಮುಗಿದ ಮೇಲೆ ತೆಗೆಯಿರಿ.

ನೆರಳಿಗೆ ಕಂಬವೇ ಗುರು. ಪುಣೆಯಲ್ಲಿ ಏಪ್ರಿಲ್ ನಡುವೆ ಒಂಬತ್ತೂವರೆಗೆ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ, 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಹಾಗಾಗಿ ಕಂಬದ ನೆರಳು ಕಂಬದಷ್ಟೇ ಉದ್ದ, ಎಡಕ್ಕೆ ಅಡ್ಡಲಾಗಿ ಮಲಗಿತ್ತು. ಮರಗಳ ನೆರಳೂ ಹಾಗೇ ಬೀಳಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ, ಮರದ ಬುಡದಲ್ಲಿ ಕಪ್ಪಗೆ ಒಂದು ಗುಂಡು ಮಚ್ಚೆ ಹಾಕಿಬಿಡುತ್ತಾರೆ. ಪುಣೆಯಲ್ಲಿ ಅಂಥ ನೆರಳು ಬೀಳುವುದು ಮೇ ತಿಂಗಳ ನಡು ಮಧ್ಯಾಹ್ನ, ಸೂರ್ಯ ನೆತ್ತಿ ಮೇಲೆ ಬಂದಾಗ. ಬೆಳಿಗ್ಗೆ ಹಾಗಲ್ಲ. ನಮ್ಮ ಹದಿನೈದು ಅಡಿ ಬೇವಿನಲ್ಲಿ ಎಲೆಗುಂಪು ಆರು ಅಡಿಯಿಂದ ಶುರುವಾಗುತ್ತದೆ. ಅದರ ನಡು ಹತ್ತೂವರೆ ಅಡಿಯಲ್ಲಿದೆ. 45 ಡಿಗ್ರಿಗೆ ಅದರ ನೆರಳಿನ ನಡುವೂ ಬುಡದಿಂದ ಹತ್ತೂವರೆ ಅಡಿ ಎಡಕ್ಕೆ ಬೀಳುತ್ತದೆ. 1540ರ ಮರಕ್ಕೆ ಅದು 630 ಪಿಕ್ಸೆಲ್ ದೂರ. ಬುಡದಿಂದ ಎಲೆಗುಂಪಿನ ನೆರಳು ಶುರುವಾಗುವವರೆಗೆ ಕಾಂಡದ ತೆಳ್ಳನೆ ನೆರಳು ಮಾತ್ರ.

ಇನ್ನೊಂದು, ಆ ನೆರಳು ಗುಂಡಗಿರುವುದಿಲ್ಲ. ಐದು ಅಡಿ ಎತ್ತರದಿಂದ ನೋಡುವಾಗ ಸುಮಾರು ಐವತ್ತು ಅಡಿ ದೂರದ ನೆಲ ತುಂಬ ಒತ್ತಿಕೊಂಡು ಕಾಣುತ್ತದೆ. ಎಲೆಗುಂಪಿನ ನೆರಳು 750 ಪಿಕ್ಸೆಲ್ ಅಗಲ ಬಂದರೆ ಎತ್ತರ 60 ಕೂಡ ಇಲ್ಲ. ಬರೀ ಒಂದು ಉದ್ದನೆ ಪಟ್ಟಿ. ಮೊದಲ ಸಲ ಹಾಕಿದಾಗ ತಪ್ಪೇನೋ ಅನ್ನಿಸಿತು. ಕಂಬದ ನೆರಳಿನ ಪಕ್ಕ ನೋಡಿದಾಗ ಅದೇ ಸರಿ ಅಂತ ಗೊತ್ತಾಯಿತು. ನೆರಳಿನ ಲೇಯರ್ ಅನ್ನು ಕೆಳಗಿನ ಮಣ್ಣು ಕಾಣುವ ಹಾಗೆ Multiply ವಿಧಾನಕ್ಕೆ ಇಟ್ಟು, ಬಣ್ಣವನ್ನು ಕಂಬದ ನೆರಳಿನಿಂದಲೇ ಎತ್ತಿಕೊಂಡೆ. ಅದು ಕಪ್ಪಲ್ಲ, ನೀಲಿ ಛಾಯೆಯ ಕಂದು. ನೆರಳು ಕರ್ಬ್ ದಾಟುವ ಕಡೆ ಕಲ್ಲಿನ ಎತ್ತರಕ್ಕೆ ತಕ್ಕಂತೆ ಸ್ವಲ್ಪ ಮುರಿದೆ. ಮುರಿದ ಕೂಡಲೇ ಮರ ನೆಲಕ್ಕೆ ಅಂಟಿಕೊಂಡಿತು. ಆ ಒಂದು ಚಿಕ್ಕ ಮುರಿತಕ್ಕೆ ಅಷ್ಟು ಶಕ್ತಿ ಇದೆ.

ಲಾನ್ ಅತಿ ಕಷ್ಟ ಅಂದುಕೊಂಡಿದ್ದೆ, ಒಂದು ಉಪಾಯದಿಂದ ಸುಲಭವಾಯಿತು. ಮೊದಲು ಮೇಲಿನಿಂದ ತೆಗೆದ ಹುಲ್ಲಿನ ಫೋಟೋವನ್ನು ಎಳೆದು ಹಾಸಿದ್ದೆ. ಹುಲ್ಲು ಗದ್ದೆಯಲ್ಲಿ ನಿಂತ ಭತ್ತದ ಹಾಗೆ ಕಂಡಿತು. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಫೋಟೋದ ತೀರಾ ಕೆಳಗಿನ ಅಂಚು ಗೆರೆಯಿಂದ 1760 ಪಿಕ್ಸೆಲ್ ಕೆಳಗಿದೆ, ಅಂದರೆ ಅಲ್ಲಿ ಅಡಿಗೆ ಸುಮಾರು 350. ಎರಡು ಇಂಚಿನ ಹುಲ್ಲು ಕಡ್ಡಿ ಅಲ್ಲಿ 60 ಪಿಕ್ಸೆಲ್ ಹತ್ತಿರ ಕಾಣಬೇಕು. ಗೋಡೆ ಹತ್ತಿರ ಅದೇ ಕಡ್ಡಿ 4 ಪಿಕ್ಸೆಲ್, ಅಂದರೆ ಕಡ್ಡಿ ಕಾಣಿಸುವುದೇ ಇಲ್ಲ, ಬರೀ ಹಸಿರು. ನಾನು ದೂರದಲ್ಲೂ ಕಡ್ಡಿ ಎದ್ದು ಕಾಣುವ ಹಾಗೆ ಬಿಟ್ಟಿದ್ದೆ.

ನಮ್ಮ ಸೊಸೈಟಿಯ ಲಾನ್‌ಗೆ ಹೋದೆ. ಅದೇ ಥರದ ಮೊಬೈಲ್, ಅದೇ ಲೆನ್ಸ್, ಐದು ಅಡಿ ಎತ್ತರ. ಗೆರೆ ಅದೇ 1240ರ ಸುಮಾರಿಗೆ ಬರುವಷ್ಟು ಮೊಬೈಲ್ ಬಗ್ಗಿಸಿ ಹಿಡಿದೆ. ಎರಡು ಫೋಟೋದ ದಿಗಂತದ ಗೆರೆ ಒಂದರ ಮೇಲೊಂದು ಕೂಡಿಸಿದರೆ ಹುಲ್ಲು ಹತ್ತಿರದಲ್ಲಿ ದೊಡ್ಡದು, ದೂರದಲ್ಲಿ ನುಣ್ಣಗೆ, ತಾನಾಗಿಯೇ ಸರಿಯಾಯಿತು. ಎಳೆಯುವುದು, ಬಗ್ಗಿಸುವುದು ಏನೂ ಬೇಕಾಗಲಿಲ್ಲ. ಉಳಿದದ್ದು ಅಂಚಿನ ಕೆಲಸ. ಲಾನ್ ನೆಲದಿಂದ ಒಂದೆರಡು ಇಂಚು ಎದ್ದಿರುತ್ತದೆ, ಚೂರು ಕರ್ಬ್ ಮೇಲೆ ಬಾಗಿರುತ್ತದೆ. ಮಾಸ್ಕ್ ನೇರವಾಗಿ ಕತ್ತರಿಸಿದರೆ ಹಸಿರು ಕಾರ್ಪೆಟ್ ಹಾಸಿದ ಹಾಗೆ ಕಾಣುತ್ತದೆ. ಹುಲ್ಲಿನ ಆಕಾರದ ಬ್ರಷ್‌ನಲ್ಲಿ ಅಂಚನ್ನು ಒರಟು ಮಾಡಿ, ಕೆಳಗೆ ಒಂದು ಸಣ್ಣ ಕಪ್ಪು ಗೆರೆ ಬಿಟ್ಟೆ.

ಬಣ್ಣದಲ್ಲಿ ಬಿಲ್ಡರ್ ಜೊತೆ ಸ್ವಲ್ಪ ಜಗ್ಗಾಟವಾಯಿತು. ಅವರಿಗೆ ಮಳೆಗಾಲದ ಹಸಿರು ಬೇಕಿತ್ತು, ಗುಡ್ಡಕ್ಕೂ ಹಸಿರು ಹಚ್ಚಿ ಅಂದರು.

"ಸರ್, ಗುಡ್ಡ ನಿಮ್ಮದಲ್ಲ. ಅದನ್ನು ನಾನು ಮುಟ್ಟೋದಿಲ್ಲ" ಅಂದೆ. "ಲಾನ್ ನೀವು ನೀರು ಹಾಕಿ ಬೆಳೆಸ್ತೀರಿ, ಅದು ಹಸಿರಿರಲಿ. ಆದರೆ ಏಪ್ರಿಲ್ ಬಿಸಿಲಿನ ಹಸಿರು."

ಹಸಿರಿಗೆ ಸ್ವಲ್ಪ ಹಳದಿ ಸೇರಿಸಿದೆ, ಕಡುಪು ಇಳಿಸಿದೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಪರದೆ ಮೇಲಿನ ಮಿನುಗುವ ಹಸಿರನ್ನು ಪ್ರೆಸ್‌ನ ನಾಲ್ಕು ಬಣ್ಣದ ಶಾಯಿ ಕೊಡಲಾರದು. ಕಾಗದದ ಮೇಲೆ ಅದು ಮಂಕಾಗಿ ಎಲ್ಲ ಒಂದೇ ಹಸಿರು ಆಗಿಬಿಡುತ್ತದೆ, ಎಲೆಯ ಒಳಗಿನ ಬೆಳಕು ನೆರಳು ಕಳೆದುಹೋಗುತ್ತದೆ. ಮೊದಲೇ ಸಿಎಂವೈಕೆಯಲ್ಲಿ, ಅಂದರೆ ಆ ನಾಲ್ಕು ಶಾಯಿಯ ಬಣ್ಣದಲ್ಲಿ, ನೋಡಿಕೊಂಡರೆ ಒಳ್ಳೆಯದು.

ಚಿತ್ರದ ಕೆಳಗೆ ಒಂದು ಸಾಲು ಬರೆಯಲೇಬೇಕು ಅಂತ ಹಟ ಹಿಡಿದೆ: "ಮರ ಮತ್ತು ಲಾನ್ ಚಿತ್ರದಲ್ಲಿ ಸೇರಿಸಿದ್ದು. ನೆಟ್ಟ 3 ವರ್ಷದ ನಂತರದ ಅಂದಾಜು ನೋಟ." 2016ರ ರೇರಾ ಕಾಯ್ದೆಯ 12ನೇ ಕಲಂ ಪ್ರಕಾರ, ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಬರೀ ಆ ಸಾಲು ಬರೆದರೆ ಹೊಣೆ ತಪ್ಪುತ್ತದೆ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಚಿತ್ರದಲ್ಲಿ ಇಟ್ಟ ಮರಗಳ ಸಂಖ್ಯೆಯನ್ನು ಅವರ ನೆಡುವ ನಕ್ಷೆಗೆ ಹೊಂದಿಸಿದೆ. ನಕ್ಷೆಯಲ್ಲಿ ಇಲ್ಲದ ಒಂದು ಮರವೂ ಚಿತ್ರದಲ್ಲಿ ಇರಲಿಲ್ಲ.

ಕೊನೆಗೆ ಕಂಬ ಉಳಿಯಿತು. ಬಿಲ್ಡರ್ ಅದನ್ನು ಅಳಿಸಿ ಅಂದರು. ಅಳಿಸಲು ಹೋದಾಗ ತಂತಿ ಕಣ್ಣಿಗೆ ಬಿತ್ತು. ಎಡಗಡೆಯ ಬೇವುಗಳು ಸರಿಯಾಗಿ ತಂತಿಯ ಕೆಳಗೇ ನಿಂತಿದ್ದವು. ಹದಿನೈದು ಅಡಿಗೆ ತುದಿ ತಂತಿಗೆ ಹತ್ತಿರ ಬರುತ್ತಿತ್ತು, ಮುಂದಿನ ಒಂದೆರಡು ವರ್ಷದಲ್ಲಿ ಮುಟ್ಟುತ್ತದೆ. ಫೋಟೋದಲ್ಲಿ ಅಳಿಸಬಹುದು, ಸೈಟ್‌ನಲ್ಲಿ ಅಳಿಸಲಾಗುವುದಿಲ್ಲವಲ್ಲ. ತಂತಿ ಇರುವ ಹಾಗೆಯೇ ಚಿತ್ರ ಕಳಿಸಿ ಫೋನ್ ಮಾಡಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದಲ್ಲ ತಂಗಿ. ಕೊಯ್ಯಾಕ ಬರ್ತಾರ ನಾಳೆ ಲೈನ್‌ಮನ್‌ಗಳು" ಅಂದರು.

ಎರಡು ದಿನದ ನಂತರ ತಿದ್ದಿದ ನಕ್ಷೆ ಬಂತು. ಎಡಗಡೆ ಬೇವಿನ ಜಾಗದಲ್ಲಿ ದೇವಕಣಗಿಲೆ, ಪಾರಿಜಾತ. ನಾನು ಮತ್ತೆ ಬಿದಿರು ಕೋಲು ತಗೊಂಡು ಉರುಳಿ ಕಾಂಚನ್‌ಗೆ ಹೋದೆ.